ತ್ರೈಮಾಸಿಕ ಮಾರಾಟ ಪರಿಶೀಲನೆ: ಶೀಟಿನ ಅಂಕಿಗಳನ್ನು ಕಿವಿಯಲ್ಲಿ ನಿಲ್ಲುವ ಮಾತಾಗಿಸುವ ಬಗೆ

ಸ್ಪ್ರೆಡ್‌ಶೀಟ್‌ನಲ್ಲಿರುವ 12,84,67,215 ಎಂಬ ಅಂಕಿಯನ್ನು ಕಣ್ಣು ಒಂದೇ ನೋಟಕ್ಕೆ ಹಿಡಿಯುತ್ತದೆ. ಅನುಮಾನ ಬಂದರೆ ಮತ್ತೆ ಅದೇ ಕೋಶಕ್ಕೆ ಹಿಂತಿರುಗುತ್ತದೆ. ಕಿವಿಗೆ ಆ ಅನುಕೂಲವಿಲ್ಲ. ‘ಹನ್ನೆರಡು ಕೋಟಿ ಎಂಬತ್ತನಾಲ್ಕು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ಹದಿನೈದು’ ಎಂದು ಓದಿ ಮುಗಿಸುವ ಹೊತ್ತಿಗೆ ಕೇಳುವವರು ಮೊದಲ ಪದವನ್ನು ಹಿಡಿದಿಟ್ಟುಕೊಳ್ಳಲು ಹೆಣಗುತ್ತಿರುತ್ತಾರೆ, ಮತ್ತು ಆ ಅಂಕಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅವರಿಗೆ ಇನ್ನೂ ತಿಳಿದಿರುವುದಿಲ್ಲ. ಮನಸ್ಸು ಒಮ್ಮೆಗೆ ಏಳರ ಆಸುಪಾಸಿನಷ್ಟು ಅಂಶಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಪರಿಶೀಲನಾ ಸಭೆಯ ಮಾತಿಗೆ ನಾಲ್ಕು ಕೂಡ ಹೆಚ್ಚೇ ಎಂಬುದು ನನ್ನ ಅನುಭವ, ಏಕೆಂದರೆ ಕೇಳುವವರು ಅಂಕಿಯ ಜೊತೆಗೆ ಅದರ ಅರ್ಥವನ್ನೂ ಹೊರಬೇಕು.

ಮುಂದಿನ ಹಂತಗಳನ್ನು ಒಂದೇ ಉದಾಹರಣೆಯ ಮೇಲೆ ಮಾಡಿ ತೋರಿಸುತ್ತೇನೆ. ಕಚೇರಿ ಪೀಠೋಪಕರಣಗಳನ್ನು ಮಾರುವ ಒಂದು ಸಂಸ್ಥೆಯಿದೆ ಎಂದಿಟ್ಟುಕೊಳ್ಳೋಣ. ಅದು ಕುರ್ಚಿ, ಮೇಜು, ಕಪಾಟು ಎಂಬ ಮೂರು ಬಗೆಯ ಸರಕನ್ನು ಮಾರುತ್ತದೆ. ಅದರ ಶೀಟ್ ಹೀಗಿದೆ:

| ಸರಕು | ಹೋದ ವರ್ಷ ಇದೇ ತ್ರೈಮಾಸಿಕ | ಈ ತ್ರೈಮಾಸಿಕ |
|---|---|---|
| ಕುರ್ಚಿ | 4,52,10,480 | 6,45,82,140 |
| ಮೇಜು | 4,38,75,300 | 4,45,58,920 |
| ಕಪಾಟು | 2,01,54,538 | 1,93,26,155 |
| ಒಟ್ಟು | 10,92,40,318 | 12,84,67,215 |

ಈ ತ್ರೈಮಾಸಿಕದ ಗುರಿ 12,50,00,000. ಹಿಂದಿನ ತ್ರೈಮಾಸಿಕದ ಮಾರಾಟ 13,41,05,660. ಕುರ್ಚಿಗಳ ನಗ ಲೆಕ್ಕ 9,042ರಿಂದ 14,352ಕ್ಕೆ ಏರಿದೆ. ಒಟ್ಟು ಮಾರ್ಜಿನ್ ಶೇಕಡಾ 24.1 ಇದ್ದದ್ದು ಶೇಕಡಾ 21.6ಕ್ಕೆ ಬಂದಿದೆ.

ಮೊದಲು ಅಂಕಿಗಳನ್ನು ಗಟ್ಟಿ ಮಾಡಿಕೊಳ್ಳಿ

ಬರೆಯಲು ಕೂರುವ ಮುನ್ನ ಶೀಟಿನ ಒಂದು ಪ್ರತಿಯನ್ನು ತೆಗೆದಿಟ್ಟು, ಅದರ ಮೇಲೆ ದಿನಾಂಕ ಹಾಕಿ, ಆ ಪ್ರತಿಯಿಂದ ಮಾತ್ರ ಅಂಕಿಗಳನ್ನು ತೆಗೆದುಕೊಳ್ಳಿ. ವಾಪಸು ಬಂದ ಸರಕು, ತಡವಾಗಿ ನಮೂದಾದ ಬಿಲ್ಲು, ರದ್ದಾದ ಆರ್ಡರ್ ಇವು ಲೆಕ್ಕ ಮುಗಿಯುವವರೆಗೂ ಮೂಲ ಶೀಟನ್ನು ಬದಲಿಸುತ್ತಲೇ ಇರುತ್ತವೆ. ಸೋಮವಾರ ಬರೆದ ವಾಕ್ಯದ ಒಟ್ಟು ಮೊತ್ತಕ್ಕೂ ಬುಧವಾರ ಬರೆದ ವಾಕ್ಯದ ಹೆಚ್ಚಳಕ್ಕೂ ತಾಳೆಯಾಗದಿದ್ದರೆ ಕಾರಣ ಸಾಮಾನ್ಯವಾಗಿ ಇದೇ ಆಗಿರುತ್ತದೆ.

ಅನಂತರ ಅಲ್ಪವಿರಾಮಗಳನ್ನು ನೋಡಿ. ಅನೇಕ ಶೀಟ್‌ಗಳು ಮೂರು ಮೂರು ಅಂಕೆಗೊಮ್ಮೆ ಅಲ್ಪವಿರಾಮ ಹಾಕಿ 128,467,215 ಎಂದು ತೋರಿಸುತ್ತವೆ. ಅದನ್ನು ನೋಡಿಕೊಂಡು ಕನ್ನಡದಲ್ಲಿ ಮಾತಾಡುವವರು ಮನಸ್ಸಿನಲ್ಲೇ ಮಿಲಿಯನ್ನನ್ನು ಕೋಟಿಗೆ ಬದಲಿಸಬೇಕಾಗುತ್ತದೆ, ಮತ್ತು ಆ ಅವಸರದಲ್ಲಿ ಹನ್ನೆರಡು ಕೋಟಿ ನೂರಿಪ್ಪತ್ತೆಂಟು ಕೋಟಿಯಾದದ್ದನ್ನು ನಾನು ಸಭೆಯಲ್ಲೇ ಕೇಳಿದ್ದೇನೆ. ಒಂದು ಕೋಟಿಯೆಂದರೆ ಹತ್ತು ಮಿಲಿಯನ್, ಒಂದು ಮಿಲಿಯನ್ನೆಂದರೆ ಹತ್ತು ಲಕ್ಷ. ಬದಲಾವಣೆಯನ್ನು ಬಾಯಿಗೆ ಬಿಡದೆ ಶೀಟಿನಲ್ಲಿಯೇ ಮಾಡಿಕೊಳ್ಳುವುದು ಸುರಕ್ಷಿತ. ಕೆಳಗಿನ ಮೊದಲ ಸಾಲು ಕೋಶದ ಕಸ್ಟಮ್ ಫಾರ್ಮ್ಯಾಟ್, ಎರಡನೆಯದು ಕೋಟಿಯಲ್ಲಿ ಎರಡು ದಶಮಾಂಶಕ್ಕೆ ಇಳಿಸುವ ಸೂತ್ರ, ಮೂರನೆಯದು ಬೆಳವಣಿಗೆಯ ದರ:

```
[>=10000000]##\,##\,##\,##0;[>=100000]##\,##\,##0;##,##0
=ROUND(C5/10000000,2)
=(C5-B5)/B5
```

ಮೂರನೆಯ ಸೂತ್ರದಲ್ಲಿ ಮೂಲ ಅಂಕಿಗಳನ್ನೇ ಬಳಸಿದ್ದೇನೆ ಎಂಬುದನ್ನು ಗಮನಿಸಿ. ದುಂಡಾಗಿಸಿದ ಅಂಕಿಗಳಿಂದ ಶೇಕಡಾವಾರು ತೆಗೆಯಬಾರದು. ದುಂಡಾಗಿಸುವುದು ಎಲ್ಲ ಲೆಕ್ಕ ಮುಗಿದ ಮೇಲಿನ ಕೆಲಸ.

ಹೇಳಬೇಕಾದ ಒಂದು ವಾಕ್ಯವನ್ನು ಹುಡುಕಿ

ಇಡೀ ಕೆಲಸದ ಜೀವ ಈ ಹಂತದಲ್ಲಿದೆ, ಆದ್ದರಿಂದ ಹೆಚ್ಚು ಸಮಯವನ್ನು ಇಲ್ಲಿಯೇ ಕಳೆಯಿರಿ. ಶೀಟಿನಿಂದ ಮೊದಲು ಕಣ್ಣಿಗೆ ಬೀಳುವ ಸುದ್ದಿ ಸೊಗಸಾಗಿದೆ: ಮಾರಾಟ ಶೇಕಡಾ 17.6ರಷ್ಟು ಬೆಳೆದಿದೆ, ಗುರಿಯನ್ನು 34,67,215ರಷ್ಟು ದಾಟಿದೆ. ಹೆಚ್ಚಿನವರು ಇಷ್ಟಕ್ಕೇ ನಿಂತು ಬರೆಯಲು ತೊಡಗುತ್ತಾರೆ. ನೀವು ಮಾತ್ರ ಹೆಚ್ಚಳವನ್ನು ಬಿಡಿಸಿ ನೋಡಿ. ಒಟ್ಟು ಹೆಚ್ಚಳ 1,92,26,897; ಕುರ್ಚಿಯೊಂದರದ್ದೇ ಹೆಚ್ಚಳ 1,93,71,660. ಮೇಜು ಏಳು ಲಕ್ಷದಷ್ಟು ಏರಿದೆ, ಕಪಾಟು ಎಂಟು ಲಕ್ಷದಷ್ಟು ಇಳಿದಿದೆ, ಎರಡೂ ಒಂದನ್ನೊಂದು ಅಳಿಸಿಹಾಕಿವೆ. ಎಂದರೆ ಹೆಚ್ಚಿದ ಹಣವೆಲ್ಲ ಕುರ್ಚಿಯಿಂದಲೇ ಬಂದಿದೆ.

ಇನ್ನೊಂದು ಪದರ ಕೆಳಗಿಳಿಯಿರಿ. ಕುರ್ಚಿಯ ಮೊತ್ತವನ್ನು ನಗಗಳಿಂದ ಭಾಗಿಸಿದರೆ ಸರಾಸರಿ ಬೆಲೆ ಸಿಗುತ್ತದೆ: ಹೋದ ವರ್ಷ 5,000, ಈ ವರ್ಷ 4,500. ನಗ ಇಷ್ಟು ಏರಿ ಬೆಲೆ ಹತ್ತರಲ್ಲಿ ಒಂದು ಪಾಲು ಇಳಿಯಬೇಕಾದರೆ ಎಲ್ಲೋ ಒಂದು ದೊಡ್ಡ ರಿಯಾಯಿತಿ ನಡೆದಿರಬೇಕು. ಕುರ್ಚಿಯ ಬಿಲ್ಲುಗಳನ್ನು ಮೊತ್ತದ ಇಳಿಕೆ ಕ್ರಮದಲ್ಲಿ ಜೋಡಿಸಿದಾಗ ಅದು ಮೊದಲ ಸಾಲಿನಲ್ಲೇ ಕಾಣುತ್ತದೆ: ಒಬ್ಬರೇ ಗ್ರಾಹಕರಿಗೆ 4,200 ಕುರ್ಚಿ, ಒಂದಕ್ಕೆ 3,900ರಂತೆ, ಒಟ್ಟು 1,63,80,000. ಈ ಆರ್ಡರನ್ನು ಬದಿಗಿಟ್ಟರೆ ಒಟ್ಟು ಮಾರಾಟ 11,20,87,215ಕ್ಕೆ ಇಳಿಯುತ್ತದೆ, ಬೆಳವಣಿಗೆ ಶೇಕಡಾ 17.6ರ ಬದಲು 2.6 ಆಗುತ್ತದೆ, ಮತ್ತು ಗುರಿ ತಪ್ಪುತ್ತದೆ.

ಈಗ ಹೇಳಬೇಕಾದ ವಾಕ್ಯ ತಾನಾಗಿಯೇ ಸಿಕ್ಕಿತು: ಗುರಿ ದಾಟಿದ್ದೇವೆ, ದಾಟಿಸಿದ್ದು ಒಂದೇ ಆರ್ಡರ್. ಇದನ್ನು ಅಂಕಿಯೇ ಇಲ್ಲದೆ ಬರೆದುಕೊಳ್ಳಿ. ಅಂಕಿಯಿಲ್ಲದೆ ನಿಲ್ಲದ ವಾಕ್ಯ ಇನ್ನೂ ವರದಿಯ ಸಾಲೇ ಹೊರತು ಮಾತಲ್ಲ. ಕೇಳುವವರಿಗೆ ಮೊದಲು ಅರ್ಥ, ಅನಂತರ ಅಂಕಿ ಎಂಬ ಕ್ರಮದಲ್ಲಿ ಕೊಟ್ಟರೆ, ಅಂಕಿ ಬಂದಾಗ ಅದನ್ನು ಎಲ್ಲಿಡಬೇಕೆಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಮೂರೋ ನಾಲ್ಕೋ ಅಂಕಿಗಳನ್ನು ಆರಿಸಿ, ಉಳಿದವನ್ನು ಬಿಡಿ

ಆ ವಾಕ್ಯವನ್ನು ಎತ್ತಿಹಿಡಿಯುವ ಅಂಕಿಗಳು ಮಾತ್ರ ಮಾತಿನಲ್ಲಿ ಮುಖ್ಯ ಸ್ಥಾನ ಪಡೆಯಬೇಕು. ಇಲ್ಲಿ ಅವು ಯಾವುವು? ಗುರಿಗೆ ಎದುರಾಗಿ ಮಾರಾಟ. ಆ ಆರ್ಡರ್ ಇಲ್ಲದಿದ್ದರೆ ಬೀಳುತ್ತಿದ್ದ ಕೊರತೆ. ಹೆಚ್ಚು ಮಾರಿ ಉಳಿಸಿಕೊಂಡ ಹಣ. ಮೇಜಿನ ಶೇಕಡಾ 1.6 ಏರಿಕೆಗೆ ‘ಇದ್ದಲ್ಲೇ ಇದೆ’ ಎಂಬ ಪದ ಸಾಕು. ಕಪಾಟಿನ ಶೇಕಡಾ 4.1 ಇಳಿಕೆಗೆ ‘ತುಸು ಇಳಿದಿದೆ’ ಸಾಕು. ಅಂಕಿಯ ಬದಲು ಪದವನ್ನು ಬಳಸಿದರೆ ಮಾಹಿತಿಯನ್ನು ಮುಚ್ಚಿಟ್ಟಂತಾಗುವುದಿಲ್ಲ, ಏಕೆಂದರೆ ಶೀಟ್ ಎಲ್ಲರ ಕೈಯಲ್ಲಿರುತ್ತದೆ.

ಹೋಲಿಕೆಗೆ ಒಂದೇ ಆಧಾರವನ್ನು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಹೋದ ವರ್ಷದ ಇದೇ ತ್ರೈಮಾಸಿಕಕ್ಕೆ ಹೋಲಿಸಿದರೆ ಏರಿಕೆ, ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದರೆ ಶೇಕಡಾ 4.2 ಇಳಿಕೆ. ಎರಡೂ ನಿಜ, ಆದರೆ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದರೆ ಕಿವಿಗೆ ಉಳಿಯುವುದು ಗೊಂದಲ ಮಾತ್ರ. ಖರೀದಿಗೆ ಋತುಮಾನವಿರುವ ಸರಕಿಗೆ ಹೋದ ವರ್ಷದ ಇದೇ ತ್ರೈಮಾಸಿಕ ಸರಿಯಾದ ಆಧಾರ. ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದ ಇಳಿಕೆಯನ್ನು, ಸಭೆಯ ಪ್ರಶ್ನೆಗಳಿಗೆಂದು ಸಿದ್ಧಪಡಿಸಿಡುವ ಉತ್ತರದ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಾರಾದರೂ ಕೇಳಿಯೇ ಕೇಳುತ್ತಾರೆ.

ದುಂಡಾಗಿಸುವಾಗ ಅಂತರವನ್ನು ನೋಡಿ, ಮೊತ್ತವನ್ನಲ್ಲ

12,84,67,215ನ್ನು ‘ಸುಮಾರು ಹದಿಮೂರು ಕೋಟಿ’ ಎನ್ನಬಹುದೇ? ಮೊತ್ತವನ್ನಷ್ಟೇ ನೋಡಿದರೆ ತಪ್ಪು ತೀರಾ ಚಿಕ್ಕದು. ಆದರೆ ಗುರಿ ಹನ್ನೆರಡೂವರೆ ಕೋಟಿ. ಹದಿಮೂರು ಎಂದ ಕೂಡಲೇ ಕೇಳುವವರು ಮನಸ್ಸಿನಲ್ಲಿ ಕಳೆದು ಅರ್ಧ ಕೋಟಿ ಹೆಚ್ಚು ಎಂದುಕೊಳ್ಳುತ್ತಾರೆ; ನಿಜಕ್ಕೂ ಹೆಚ್ಚಾದದ್ದು ಮೂವತ್ತೈದು ಲಕ್ಷ. ಮೊತ್ತದಲ್ಲಿ ನೂರಕ್ಕೆ ಒಂದರಷ್ಟಿದ್ದ ತಪ್ಪು ಅಂತರದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚಾಯಿತು. ನಾನು ಪಾಲಿಸುವ ನಿಯಮ ಇಷ್ಟೇ: ಯಾವ ಅಂತರದ ಬಗ್ಗೆ ಮಾತಾಡುತ್ತಿದ್ದೇನೋ ಅದರ ಹತ್ತನೇ ಒಂದು ಪಾಲಿಗಿಂತ ಒರಟಾಗಿ ದುಂಡಾಗಿಸುವುದಿಲ್ಲ. ಮೂವತ್ತೈದು ಲಕ್ಷದ ಅಂತರಕ್ಕೆ ಲಕ್ಷದವರೆಗೆ ದುಂಡಾಗಿಸಿದರೆ ಹೊಂದುತ್ತದೆ, ಆದ್ದರಿಂದ ‘ಹನ್ನೆರಡು ಕೋಟಿ ಎಂಬತ್ತೈದು ಲಕ್ಷ’.

ಇನ್ನೊಂದು ಬಲೆಯಿದೆ. ಮೂರು ಸರಕುಗಳನ್ನೂ ಒಂದು ದಶಮಾಂಶಕ್ಕೆ ದುಂಡಾಗಿಸಿದರೆ 6.5, 4.5 ಮತ್ತು 1.9 ಕೋಟಿ ಸಿಗುತ್ತವೆ. ಇವನ್ನು ಕೂಡಿದರೆ 12.9, ಆದರೆ ಒಟ್ಟು ಮೊತ್ತವನ್ನು ನೇರವಾಗಿ ದುಂಡಾಗಿಸಿದರೆ 12.8. ಲೆಕ್ಕದಲ್ಲಿ ಯಾವ ತಪ್ಪೂ ಇಲ್ಲ, ಹಾಗಿದ್ದರೂ ಸಭೆಯಲ್ಲಿ ಒಬ್ಬರು ಕೂಡಿ ನೋಡಿದರೆ ಉಳಿದ ಹತ್ತು ನಿಮಿಷ ಆ ಹತ್ತು ಲಕ್ಷದ ವಿವರಣೆಗೆ ಹೋಗುತ್ತದೆ. ಒಟ್ಟು ಮೊತ್ತವನ್ನು ಅಂಕಿಯಲ್ಲಿ ಹೇಳಿ, ಭಾಗಗಳನ್ನು ಪಾಲಿನಲ್ಲಿ ಹೇಳುವುದು ಇದಕ್ಕೆ ಒಳ್ಳೆಯ ಪರಿಹಾರ: ‘ಅದರಲ್ಲಿ ಅರ್ಧ ಕುರ್ಚಿಗಳದ್ದು.’ ಕುರ್ಚಿಯ ಪಾಲು ಶೇಕಡಾ 50.3 ಇರುವುದರಿಂದ ಆ ಮಾತು ನಿಜವೂ ಹೌದು.

ಕಿವಿಗೆ ಹೊಂದುವ ರೂಪಕ್ಕೆ ತನ್ನಿ

ಕನ್ನಡಕ್ಕೆ ಈ ಕೆಲಸದಲ್ಲಿ ಒಂದು ವರವಿದೆ. ಕಾಲು, ಅರೆ, ಮುಕ್ಕಾಲು ಎಂಬ ಪದಗಳು ನಮ್ಮ ಮಾತಿನಲ್ಲಿ ಸಂಖ್ಯೆಗೇ ಅಂಟಿಕೊಂಡು ಬರುತ್ತವೆ. ‘ಹನ್ನೆರಡು ಪಾಯಿಂಟ್ ಐದು ಕೋಟಿ’ ಎನ್ನುವಲ್ಲಿ ‘ಹನ್ನೆರಡೂವರೆ ಕೋಟಿ’ ಎಂದರೆ ಒಂದೇ ಪದದಲ್ಲಿ ಮುಗಿಯುತ್ತದೆ. ಶೇಕಡಾ 21.6 ಎಂಬುದು ‘ನೂರಕ್ಕೆ ಇಪ್ಪತ್ತೊಂದೂವರೆ’ ಆಗುತ್ತದೆ. ದಶಮಾಂಶದ ನಂತರದ ಅಂಕೆಗಳನ್ನು ಬಿಡಿಬಿಡಿಯಾಗಿ ಓದುವ ಅಗತ್ಯ ಮಾತಿನಲ್ಲಿ ತೀರಾ ಅಪರೂಪ.

ಶೇಕಡಾವಾರನ್ನು ಎಣಿಸಬಹುದಾದ ವಸ್ತುಗಳಾಗಿ ಬದಲಿಸಿದರೆ ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಕುರ್ಚಿಯ ನಗ ಶೇಕಡಾ 58.7 ಏರಿದೆ ಎಂಬುದು ಕೇಳಿದ ಕ್ಷಣವೇ ಜಾರಿಹೋಗುತ್ತದೆ. 14,352ನ್ನು 9,042ರಿಂದ ಭಾಗಿಸಿದರೆ 1.59 ಬರುತ್ತದೆ, ಅದನ್ನು ಐದರಿಂದ ಗುಣಿಸಿದರೆ ಹೆಚ್ಚುಕಡಿಮೆ ಎಂಟು. ಹಾಗಾಗಿ ‘ಹೋದ ವರ್ಷ ಐದು ಕುರ್ಚಿ ಮಾರಿದಲ್ಲಿ ಈ ವರ್ಷ ಎಂಟು ಮಾರಿದ್ದೇವೆ’ ಎಂದು ಹೇಳಬಹುದು. ಇಂಥ ಜೋಡಿಯನ್ನು ಹುಡುಕಲು ಅನುಪಾತವನ್ನು ಎರಡರಿಂದ ಹತ್ತರವರೆಗಿನ ಸಂಖ್ಯೆಗಳಿಂದ ಒಂದೊಂದಾಗಿ ಗುಣಿಸಿ, ಯಾವುದು ಪೂರ್ಣಾಂಕಕ್ಕೆ ಅತಿ ಹತ್ತಿರ ಬರುತ್ತದೋ ಅದನ್ನು ಆರಿಸಿ. ಯಾವುದೂ ಹತ್ತಿರ ಬಾರದಿದ್ದರೆ ಒತ್ತಾಯ ಮಾಡದೆ ಶೇಕಡಾವಾರನ್ನೇ ಉಳಿಸಿಕೊಳ್ಳಿ.

‘ಪಟ್ಟು’ ಎಂಬ ಪದದಲ್ಲಿ ಎಚ್ಚರವಿರಲಿ. ‘ಒಂದೂವರೆ ಪಟ್ಟಾಗಿದೆ’ ಎಂದರೆ ನೂರು ಇದ್ದದ್ದು ನೂರೈವತ್ತಾಗಿದೆ. ‘ಒಂದೂವರೆ ಪಟ್ಟು ಹೆಚ್ಚಾಗಿದೆ’ ಎಂದರೆ ಕೆಲವರಿಗೆ ನೂರೈವತ್ತು, ಕೆಲವರಿಗೆ ಇನ್ನೂರೈವತ್ತು. ಎರಡನೆಯ ರೂಪವನ್ನು ಮಾತಿನಲ್ಲಿ ಬಳಸಲೇಬೇಡಿ.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಶೇಕಡಾವಾರಿನ ಮೇಲಿನ ಶೇಕಡಾವಾರು. ಹಲವು ವರ್ಷಗಳ ಹಿಂದೆ ನಾನು ಬರೆದ ಒಂದು ಸ್ಕ್ರಿಪ್ಟ್‌ನಲ್ಲಿ ‘ಮಾರ್ಜಿನ್ ಶೇಕಡಾ ಎರಡೂವರೆ ಇಳಿದಿದೆ’ ಎಂಬ ಸಾಲಿತ್ತು. 24ರಿಂದ 21.5ಕ್ಕೆ ಬಂದಿದೆ ಎಂಬುದು ನನ್ನ ಉದ್ದೇಶ. ಮೇಜಿನ ಆಚೆ ಕುಳಿತಿದ್ದ ಹಿರಿಯರು 24ರಲ್ಲಿ ನೂರಕ್ಕೆ ಎರಡೂವರೆಯಷ್ಟು, ಎಂದರೆ 23.4ಕ್ಕೆ ಇಳಿದಿದೆ ಎಂದು ತಿಳಿದು, ಅದರ ಮೇಲೆಯೇ ಮುಂದಿನ ತ್ರೈಮಾಸಿಕದ ರಿಯಾಯಿತಿಗೆ ಒಪ್ಪಿಗೆ ಕೊಟ್ಟರು. ವ್ಯತ್ಯಾಸ ಹೊರಬಂದದ್ದು ಎರಡು ವಾರಗಳ ನಂತರ. ಅಂದಿನಿಂದ ನಾನು ಮಾರ್ಜಿನ್ ಬಗ್ಗೆ ‘ಇಷ್ಟು ಇಳಿದಿದೆ’ ಎಂದು ಬರೆಯುವುದನ್ನೇ ಬಿಟ್ಟಿದ್ದೇನೆ. ‘ನೂರು ಮಾರಿದರೆ ಇಪ್ಪತ್ತನಾಲ್ಕು ಉಳಿಯುತ್ತಿತ್ತು, ಈಗ ಇಪ್ಪತ್ತೊಂದೂವರೆ ಉಳಿಯುತ್ತಿದೆ’ ಎಂದು ಎರಡೂ ತುದಿಗಳನ್ನು ಹೇಳುತ್ತೇನೆ. ಅದನ್ನು ಎರಡು ರೀತಿಯಲ್ಲಿ ಅರ್ಥ ಮಾಡಿಕೊಳ್ಳಲು ಸಾಧ್ಯವಿಲ್ಲ.

ಮಾರ್ಜಿನ್ನನ್ನು ಹಣಕ್ಕೆ ತಿರುಗಿಸಿಯೂ ನೋಡಿ. 10,92,40,318ರಲ್ಲಿ ಶೇಕಡಾ 24.1 ಎಂದರೆ 2.63 ಕೋಟಿ, 12,84,67,215ರಲ್ಲಿ ಶೇಕಡಾ 21.6 ಎಂದರೆ 2.77 ಕೋಟಿ. ವ್ಯತ್ಯಾಸ ಹದಿನಾಲ್ಕು ಲಕ್ಷ. ಎರಡು ಕೋಟಿಗೆ ಸ್ವಲ್ಪ ಕಡಿಮೆಯಷ್ಟು ಹೆಚ್ಚು ಮಾರಿ, ಹೆಚ್ಚಾಗಿ ಉಳಿಸಿಕೊಂಡದ್ದು ಹದಿನಾಲ್ಕು ಲಕ್ಷ! ಈ ಜೋಡಿಯನ್ನು ಒಮ್ಮೆ ಕೇಳಿದವರು ಮರೆಯುವುದು ಕಷ್ಟ, ಮತ್ತು ಶೀಟಿನ ಯಾವ ಕೋಶದಲ್ಲೂ ಅದು ಈ ರೂಪದಲ್ಲಿ ಇರಲಿಲ್ಲ.

ಬರೆಯುವುದು

ಸ್ಕ್ರಿಪ್ಟ್‌ನಲ್ಲಿ ಸಂಖ್ಯೆಗಳನ್ನು ಅಂಕೆಗಳಲ್ಲಿ ಬರೆಯದೆ ಪದಗಳಲ್ಲಿ ಬರೆಯಿರಿ. ಅಂಕೆ ಕಂಡರೆ ಬಾಯಿ ಒಂದು ಕ್ಷಣ ತಡವರಿಸುತ್ತದೆ. ಪದವಾದರೆ ಓದುವ ಓಟ ಮುರಿಯುವುದಿಲ್ಲ. ಒಂದು ವಾಕ್ಯಕ್ಕೆ ಒಂದೇ ಅಂಕಿ, ಹೋಲಿಕೆಯಾದರೆ ಎರಡು. ನಿಲ್ಲಬೇಕಾದ ಕಡೆ ಓರೆಗೆರೆ ಹಾಕಿ. ಮುಖ್ಯ ಅಂಕಿಯ ನಂತರ ಎರಡು ಓರೆಗೆರೆ, ಎಂದರೆ ಒಂದು ಪೂರ್ತಿ ಉಸಿರು. ನಮ್ಮ ಉದಾಹರಣೆ ಹೀಗೆ ರೂಪುಗೊಳ್ಳುತ್ತದೆ:

> ಈ ತ್ರೈಮಾಸಿಕದಲ್ಲಿ ನಾವು ಗುರಿ ದಾಟಿದ್ದೇವೆ. / ಆದರೆ ದಾಟಿಸಿದ್ದು ಒಂದೇ ಒಂದು ಆರ್ಡರ್. //
>
> ಗುರಿ ಇದ್ದದ್ದು ಹನ್ನೆರಡೂವರೆ ಕೋಟಿ. ಮಾರಿದ್ದು ಹನ್ನೆರಡು ಕೋಟಿ ಎಂಬತ್ತೈದು ಲಕ್ಷ. // ಹೋದ ವರ್ಷದ ಇದೇ ತ್ರೈಮಾಸಿಕಕ್ಕಿಂತ ಇದು ಎರಡು ಕೋಟಿಗೆ ಸ್ವಲ್ಪ ಕಡಿಮೆಯಷ್ಟು ಹೆಚ್ಚು. ಆ ಹೆಚ್ಚಳವೆಲ್ಲ ಕುರ್ಚಿಗಳಿಂದಲೇ ಬಂದಿದೆ. / ಮೇಜುಗಳು ಇದ್ದಲ್ಲೇ ಇವೆ, ಕಪಾಟುಗಳು ತುಸು ಇಳಿದಿವೆ. ಕುರ್ಚಿಗಳ ವಿಷಯದಲ್ಲಿ ಹೇಳುವುದಾದರೆ, ಹೋದ ವರ್ಷ ಐದು ಮಾರಿದಲ್ಲಿ ಈ ವರ್ಷ ಎಂಟು ಮಾರಿದ್ದೇವೆ. //
>
> ಈಗ ಆ ಆರ್ಡರ್‌ಗೆ ಬರುತ್ತೇನೆ. ಒಬ್ಬರೇ ಗ್ರಾಹಕರು ನಾಲ್ಕು ಸಾವಿರದ ಇನ್ನೂರು ಕುರ್ಚಿಗಳನ್ನು ತೆಗೆದುಕೊಂಡರು. / ಅವರು ಬಾರದೇ ಹೋಗಿದ್ದರೆ ನಾವು ಗುರಿಗಿಂತ ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಹಿಂದೆ ಬೀಳುತ್ತಿದ್ದೆವು. //
>
> ಅವರಿಗಾಗಿ ಬೆಲೆಯನ್ನೂ ಇಳಿಸಿದೆವು. ಹೋದ ವರ್ಷ ನೂರು ಮಾರಿದರೆ ಇಪ್ಪತ್ತನಾಲ್ಕು ಉಳಿಯುತ್ತಿತ್ತು. ಈಗ ಇಪ್ಪತ್ತೊಂದೂವರೆ ಉಳಿಯುತ್ತಿದೆ. / ಹೀಗಾಗಿ ಅಷ್ಟೆಲ್ಲ ಹೆಚ್ಚು ಮಾರಿಯೂ, ಹೆಚ್ಚಾಗಿ ನಮ್ಮಲ್ಲಿ ಉಳಿದದ್ದು ಹದಿನಾಲ್ಕು ಲಕ್ಷ. //
>
> ಇಂದು ನಾವು ತೀರ್ಮಾನಿಸಬೇಕಾದದ್ದು ಇದನ್ನೇ: ಇಂಥ ಇನ್ನೊಂದು ಆರ್ಡರ್ ಬಂದರೆ ಯಾವ ಬೆಲೆಯವರೆಗೆ ಇಳಿಯುವುದು?

ಇದನ್ನು ನಿಲುಗಡೆಗಳ ಸಹಿತ ಓದಲು ಒಂದೂವರೆಯಿಂದ ಎರಡು ನಿಮಿಷ ಬೇಕು. ಕನ್ನಡದ ಪದಗಳು ಉದ್ದ. ವಿಭಕ್ತಿ, ಕಾಲ, ಲಿಂಗ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಳ್ಳುತ್ತವೆ. ಆದ್ದರಿಂದ ಬೇರೆ ಭಾಷೆಯ ‘ನಿಮಿಷಕ್ಕೆ ಇಷ್ಟು ಪದ’ ಎಂಬ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದುವುದೇ ಸರಿಯಾದ ಅಳತೆ.

ಕರೆಯ ಮೂಲಕ ಸಭೆ ನಡೆಯುವುದಾದರೆ ಎಪ್ಪತ್ತು ಮತ್ತು ಎಂಬತ್ತು ಎಂಬ ಪದಗಳ ಮೇಲೆ ಕಣ್ಣಿಡಿ. ಮಧ್ಯದ ಅಕ್ಷರ ಮಸುಕಾದರೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ‘ಎಂಬತ್ತೈದು ಲಕ್ಷ’ ಎಂದ ಮೇಲೆ ‘ಎಂದರೆ ಗುರಿಗಿಂತ ಮೂವತ್ತೈದು ಲಕ್ಷ ಹೆಚ್ಚು’ ಎಂಬ ಸಾಲನ್ನು ಸೇರಿಸಿದರೆ ತಪ್ಪಾಗಿ ಕೇಳಿಸಿಕೊಂಡವರು ತಾವೇ ತಿದ್ದಿಕೊಳ್ಳುತ್ತಾರೆ.

ಪರೀಕ್ಷಿಸುವುದು

ಶೀಟನ್ನು ನೋಡಿರದ ಒಬ್ಬ ಸಹೋದ್ಯೋಗಿಗೆ ಸ್ಕ್ರಿಪ್ಟನ್ನು ಒಮ್ಮೆ ಮಾತ್ರ ಓದಿ ಹೇಳಿ. ಅವರು ಬರೆದುಕೊಳ್ಳಬಾರದು. ಹತ್ತು ನಿಮಿಷ ಬೇರೆ ಕೆಲಸ ಮಾಡಿದ ಮೇಲೆ, ನೆನಪಿದ್ದುದನ್ನು ಹಾಳೆಯಲ್ಲಿ ಬರೆಯಲು ಕೇಳಿ. ಅವರು ‘ಒಂದೇ ಆರ್ಡರ್’ ಮತ್ತು ‘ಹದಿನಾಲ್ಕು ಲಕ್ಷ’ ಎಂದು ಬರೆದರೆ ಸ್ಕ್ರಿಪ್ಟ್ ಸಿದ್ಧವಾಗಿದೆ. ‘ಗುರಿ ದಾಟಿದ್ದೇವೆ’ ಎಂದಷ್ಟೇ ಬರೆದರೆ, ಆರಂಭದ ಎರಡನೇ ವಾಕ್ಯಕ್ಕೂ ಆರ್ಡರ್ ಬಗೆಗಿನ ಭಾಗಕ್ಕೂ ನಡುವೆ ಹೆಚ್ಚು ವಿವರ ತುಂಬಿದೆ ಎಂದರ್ಥ. ಐದು–ಎಂಟರ ಸಾಲನ್ನು ತೆಗೆದುಹಾಕಿ ಮತ್ತೆ ಬೇರೊಬ್ಬರಿಗೆ ಓದಿ. ಅಂಕಿಯನ್ನು ತಪ್ಪಾಗಿ ಬರೆದರೆ ಅವರ ನೆನಪನ್ನು ದೂರಬೇಡಿ, ಆ ವಾಕ್ಯವನ್ನು ಬದಲಿಸಿ.

ಕೊನೆಯ ಕೆಲಸ ಉತ್ತರದ ಚೀಟಿ. ಸ್ಕ್ರಿಪ್ಟ್‌ನಲ್ಲಿ ಬಂದ ಪ್ರತಿಯೊಂದು ದುಂಡು ಅಂಕಿಯ ಎದುರಿಗೆ ಅದರ ಪೂರ್ಣ ರೂಪ ಮತ್ತು ಶೀಟಿನ ಕೋಶದ ವಿಳಾಸವನ್ನು ಬರೆಯಿರಿ: ‘ಹನ್ನೆರಡು ಕೋಟಿ ಎಂಬತ್ತೈದು ಲಕ್ಷ, 12,84,67,215, C5.’ ಅದರ ಕೆಳಗೆ ನೀವು ಬಿಟ್ಟ ಅಂಕಿಗಳಿರಲಿ: ಹಿಂದಿನ ತ್ರೈಮಾಸಿಕಕ್ಕಿಂತ 56 ಲಕ್ಷ ಕಡಿಮೆ, ಆ ಆರ್ಡರ್ ಬಿಟ್ಟರೆ ಕುರ್ಚಿಯ ಸರಾಸರಿ ಬೆಲೆ 4,748. ಈ ಎರಡನೆಯ ಅಂಕಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ, ಏಕೆಂದರೆ ‘ಬೆಲೆ ಇಳಿದದ್ದು ಆ ಒಬ್ಬರಿಗೆ ಮಾತ್ರವೇ?’ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳಬೇಕಾಗುತ್ತದೆ: ಉಳಿದ ಗ್ರಾಹಕರಿಗೂ ಐದು ಸಾವಿರದ ಕುರ್ಚಿ ಸರಾಸರಿ ಇನ್ನೂರೈವತ್ತು ಅಗ್ಗವಾಗಿಯೇ ಹೋಗಿದೆ.